ಗೆದ್ದ ಸೈನ್ಯ ಹಿಂದಿರುಗಿದ್ದೇಕೆ?

ಮೂರನೇ ಆಂಗ್ಲೋ-ಮೈಸೂರು ಯುದ್ಧ ಎಂದರೆ ನಮಗೆ ನೆನಪಿರುವುದು 1792ರ ಶ್ರೀರಂಗಪಟ್ಟಣ ಒಪ್ಪಂದ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಅದಕ್ಕೆ ಹತ್ತು ತಿಂಗಳು ಮೊದಲು, 1791ರ ಮೇ ತಿಂಗಳಲ್ಲಿ, ಲಾರ್ಡ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲವರೆಗೆ ಬಂದು, ಹತ್ತಿರದ ಅರಕೆರೆಯಲ್ಲಿ ಟಿಪ್ಪುವಿನ ಸೈನ್ಯವನ್ನು ಸೋಲಿಸಿ, ಹಾಗೆಯೇ ಹಿಂದಿರುಗಿದ. ಹೋಗುವ ಮೊದಲು ತನ್ನದೇ ದೊಡ್ಡ ಫಿರಂಗಿಗಳನ್ನು ನಾಶಮಾಡಿದ. ಗೆದ್ದವನು ಹೀಗೇಕೆ ಮಾಡಿದ? ವಾಣಿಜ್ಯ ವಿಭಾಗದವಳಾದ ನನಗೆ ಇದರ ಉತ್ತರ ಯುದ್ಧಕ್ಕಿಂತ ಲೆಕ್ಕದಲ್ಲಿ ಕಾಣಿಸಿತು.

ನಮ್ಮ ಅರ್ಥಶಾಸ್ತ್ರದ 'ಬೇಡಿಕೆ ಮತ್ತು ಪೂರೈಕೆ'ಗೆ ಉರ್ದುವಿನಲ್ಲಿ 'ತಲಬ್' ಮತ್ತು 'ರಸದ್' ಎನ್ನುತ್ತಾರೆ. ಸೈನ್ಯದ ದವಸಧಾನ್ಯಕ್ಕೂ ರಸದ್ ಎಂದೇ ಹೆಸರು. ಒಂದು ಅಂದಾಜು ಮಾಡೋಣ. ಒಂದು ಎತ್ತು ಬೆನ್ನ ಮೇಲೆ 75 ಕಿಲೋ ಅಕ್ಕಿ ಹೊರುತ್ತದೆ, ಒಬ್ಬನಿಗೆ ದಿನಕ್ಕೆ ಮುಕ್ಕಾಲು ಕಿಲೋ ಬೇಕು ಎಂದುಕೊಳ್ಳಿ. ಒಂದು ಎತ್ತಿನ ಹೊರೆ ನೂರು ಜನರ ಒಂದು ದಿನದ ಊಟ. ಸೈನಿಕರು, ಆಳುಗಳು, ಅಂಗಡಿಯವರು ಎಲ್ಲ ಸೇರಿ ಮೂವತ್ತು ಸಾವಿರ ಜನರಿದ್ದರೆ ದಿನಕ್ಕೆ 300 ಎತ್ತು, ಇಪ್ಪತ್ತು ದಿನಕ್ಕೆ 6,000 ಎತ್ತು. ಇದು ಅಕ್ಕಿಗೆ ಮಾತ್ರ. ಫಿರಂಗಿ ಎಳೆಯುವ ಎತ್ತುಗಳು ಬೇರೆ. ಆ ಎತ್ತುಗಳಿಗೂ ಮೇವು ಬೇಕಲ್ಲ! ಅದನ್ನು ಹೊತ್ತು ತರಲು ಸಾಧ್ಯವಿಲ್ಲ, ದಾರಿಯಲ್ಲೇ ಸಿಗಬೇಕು.

ಮೈಸೂರಿನ ಲಘು ಅಶ್ವದಳ ಕೈ ಹಾಕಿದ್ದು ಇಲ್ಲಿಗೆ. ಈ ಸವಾರರು ಕಂಪನಿಯ ಕಾಲಾಳುಗಳ ಬಂದೂಕಿಗೆ ಎದುರಾಗಿ ನಿಲ್ಲುತ್ತಿರಲಿಲ್ಲ, ನಿಲ್ಲುವುದು ಅವರ ಕೆಲಸವೂ ಅಲ್ಲ. ಸೈನ್ಯದ ಸುತ್ತ ಸುಳಿಯುತ್ತಾ, ಮೇವು ತರಲು ಹೊರಟವರನ್ನು ಹಿಡಿಯುವುದು, ಹಿಂದೆ ಬಿದ್ದ ಎತ್ತುಗಳನ್ನು ಹೊಡೆದುಕೊಂಡು ಹೋಗುವುದು, ಓಲೆಕಾರರನ್ನು ತಡೆಯುವುದು ಅವರ ಕೆಲಸ. ಶತ್ರು ಬರುವ ದಾರಿಯ ಮೇವನ್ನು ಮೊದಲೇ ಸುಟ್ಟು, ಜನ, ದನಗಳನ್ನು ದೂರ ಸಾಗಿಸಲಾಗುತ್ತಿತ್ತು. ಸುಟ್ಟದ್ದು ಮೈಸೂರಿನ ರೈತರ ಮೇವನ್ನೇ ಎಂಬುದನ್ನು ಮಾತ್ರ ಮರೆಯಬಾರದು. ಈ ತಂತ್ರದ ಖರ್ಚನ್ನು ಮೊದಲು ಹೊತ್ತವರು ಅವರು.

ಬೆಟ್ಟದ ಕೋಟೆಗಳ ಪಾಲೂ ಇದರಲ್ಲಿತ್ತು. ಬೆಂಗಳೂರು ಮಾರ್ಚ್‌ನಲ್ಲೇ ಕಂಪನಿಯ ವಶವಾಗಿತ್ತು. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ನೇರ ದಾರಿ ಇದ್ದರೂ ಅದರ ಆಸುಪಾಸಿನಲ್ಲಿ ಸಾವನದುರ್ಗ, ಹುತ್ರಿದುರ್ಗದಂಥ ಕೋಟೆಗಳು ಟಿಪ್ಪುವಿನ ಕೈಯಲ್ಲಿದ್ದವು. ಬಂಡೆಯ ಮೇಲೆ ನೀರು, ಧಾನ್ಯ ಇದ್ದರೆ ಸ್ವಲ್ಪ ಜನರೇ ಅಲ್ಲಿ ಬಹಳ ದಿನ ಕೂರಬಹುದು. ಮುತ್ತಿಗೆ ಹಾಕಿದರೆ ವಾರಗಳು ಹೋಗುತ್ತವೆ. ಬಿಟ್ಟು ಮುಂದೆ ಹೋದರೆ ಕೋಟೆಯವರು ಇಳಿದು ಬಂದು ಹಿಂದಿನ ರಸದ್ ಕಡಿಯುತ್ತಾರೆ. ಕಾರ್ನ್‌ವಾಲಿಸ್ ಎರಡೂ ಬೇಡವೆಂದು ಮೇ 4ರಂದು ಕನಕಪುರದ ಕಡೆಯ ಕಷ್ಟದ ದಾರಿ ಹಿಡಿದ. ಮೇ 13ಕ್ಕೆ ಅರಕೆರೆ ಸೇರುವಾಗ ಎತ್ತುಗಳು ಹಸಿವು, ರೋಗದಿಂದ ಸಾಯುತ್ತಿದ್ದವು. 15ರಂದು ಯುದ್ಧ ಗೆದ್ದ. ಆದರೆ ಫಿರಂಗಿ ಎಳೆಯುವವರೇ ಇಲ್ಲದೆ ಕೋಟೆ ಒಡೆಯುವುದು ಹೇಗೆ?

ನನಗೆ ಅತ್ಯಂತ ಆಶ್ಚರ್ಯವಾದದ್ದು ಮುಂದಿನ ಸಂಗತಿ. ಮೇ 26ರಂದು ಹಿಂದಿರುಗಲು ಹೊರಟ ಅದೇ ದಿನ ಕಂಪನಿಯ ಮಿತ್ರರಾದ ಮರಾಠರ ಕುದುರೆ ಸವಾರರು ಎದುರಾದರು. ಅವರ ದಂಡಿನ ಬಜಾರಿನಲ್ಲಿ ಧಾನ್ಯವಿತ್ತು, ಬೆಲೆ ಮಾತ್ರ ವಿಪರೀತ. ಅವರು ಅಷ್ಟು ಹತ್ತಿರವಿದ್ದದ್ದು ಕಾರ್ನ್‌ವಾಲಿಸ್‌ಗೆ ತಿಳಿದಿರಲೇ ಇಲ್ಲ. ಮೈಸೂರಿನ ಸವಾರರು ಒಂದು ಓಲೆಯನ್ನೂ ದಾಟಲು ಬಿಟ್ಟಿರಲಿಲ್ಲ. ಕೆಲವು ದಿನ ಮೊದಲೇ ಸುದ್ದಿ ಮುಟ್ಟಿದ್ದರೆ ಆ ಫಿರಂಗಿಗಳು ಉಳಿಯುತ್ತಿದ್ದವೇನೋ.

ಕಾರ್ನ್‌ವಾಲಿಸ್ ಈ ಲೆಕ್ಕವನ್ನು ಚೆನ್ನಾಗಿ ಓದಿಕೊಂಡ. ಮಳೆಗಾಲದ ನಂತರ ನೇರವಾಗಿ ಶ್ರೀರಂಗಪಟ್ಟಣಕ್ಕೆ ಹೋಗದೆ ಮೊದಲು ಕೋಟೆಗಳನ್ನು ಹಿಡಿದ. ಅಕ್ಟೋಬರ್ 19ರಂದು ನಂದಿದುರ್ಗ ಬಿತ್ತು. ಡಿಸೆಂಬರ್ 21ರಂದು ಸಾವನದುರ್ಗ, ಅದರ ಬೆನ್ನಿಗೇ ಹುತ್ರಿದುರ್ಗ. ಎತ್ತುಗಳ ಹಿಂಡುಗಳಲ್ಲಿ ಧಾನ್ಯ ಸಾಗಿಸುವುದೇ ಕಸುಬಾಗಿದ್ದ ಬಂಜಾರರನ್ನು, ಅಂದರೆ ನಮ್ಮ ಲಂಬಾಣಿಗರನ್ನು, ರಸದ್ ತರಲು ಗೊತ್ತುಮಾಡಿಕೊಂಡ. ಆಶ್ರಯಕ್ಕೆ ಕೋಟೆಯಿಲ್ಲದ ಸವಾರರಿಗೆ ಆ ದಾರಿಯನ್ನು ಮುಚ್ಚಲು ಆಗಲಿಲ್ಲ. ಫೆಬ್ರವರಿ 1792ರಲ್ಲಿ ಅವನು ಮತ್ತೆ ಬಂದಾಗ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿಗೆ ಒಪ್ಪಬೇಕಾಯಿತು.

ಸವಾರರಿಲ್ಲದ ಕೋಟೆಯ ಗತಿ ನೋಡಬೇಕಾದರೆ ಜೆಪ್ಪುವಿನಿಂದ ದೂರ ಹೋಗಬೇಕಿಲ್ಲ. ಬೆಳ್ತಂಗಡಿ ಕಡೆಯ ಗಡಾಯಿಕಲ್ಲಿನ ಮೇಲೆ ಟಿಪ್ಪು ಕಟ್ಟಿಸಿದ ಜಮಾಲಾಬಾದ್ ಕೋಟೆಗೆ ಏರಲು ಇರುವುದು ಒಂದೇ ಇಕ್ಕಟ್ಟಾದ ಮೆಟ್ಟಿಲ ದಾರಿ. ಆದರೂ 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಅದೇ ವರ್ಷ ಅದೂ ಕಂಪನಿಯ ಕೈ ಸೇರಿತು. ಕೆಳಗೆ ಶತ್ರುವಿನ ಎತ್ತುಗಳನ್ನು ತಡೆಯಲು ಒಬ್ಬ ಸವಾರನೂ ಉಳಿದಿರಲಿಲ್ಲ.