ಎರಡು ಪಂಪ್ ಇಟ್ಟರೂ ನೀರು ಏಕೆ ಎರಡು ಪಟ್ಟಾಗುವುದಿಲ್ಲ?

ಬೇಸಿಗೆ ಬಂತೆಂದರೆ ಗುಡ್ಡದ ಮೇಲಿನ ಟ್ಯಾಂಕ್ ತುಂಬುವುದಿಲ್ಲ. ಆಗ ಬಹಳಷ್ಟು ಜನ ಮಾಡುವ ಕೆಲಸ ಒಂದೇ: ಇದ್ದ ಪಂಪಿನ ಪಕ್ಕದಲ್ಲಿ ಅಂಥದೇ ಇನ್ನೊಂದನ್ನು ಕೂರಿಸಿ, ಎರಡರ ಡೆಲಿವರಿಯನ್ನೂ ಹಳೆಯ ಪೈಪಿಗೇ ಸೇರಿಸುವುದು. ಮಲೆನಾಡಿನ ಅಡಿಕೆ ತೋಟವೊಂದರಲ್ಲಿ ಹೀಗೆ ಮಾಡಿದ್ದನ್ನು ನೋಡಲು ಹೋಗಿದ್ದೆ. ಟ್ಯಾಂಕಿಗೆ ಬೀಳುವ ಪೈಪಿನ ಬಾಯಿಗೆ 200 ಲೀಟರಿನ ಡ್ರಮ್ ಹಿಡಿದೆವು. ಒಂದು ಪಂಪ್ ಓಡಿದಾಗ ಅದು ತುಂಬಲು 40 ಸೆಕೆಂಡ್ ಬೇಕಾಯಿತು. ಎರಡೂ ಓಡಿದಾಗ ಸುಮಾರು 32 ಸೆಕೆಂಡ್. ಅಂದರೆ ಸೆಕೆಂಡಿಗೆ 5 ಲೀಟರ್ ಇದ್ದದ್ದು 6.3 ಲೀಟರ್ ಆಗಿತ್ತು, ಅಷ್ಟೇ. ತೋಟದವರು ಹೊಸ ಪಂಪೇ ಡೂಪ್ಲಿಕೇಟ್ ಎಂದು ಅಂಗಡಿಯವನ ಮೇಲೆ ಸಿಟ್ಟಾಗಿದ್ದರು. ಪಂಪಿನಲ್ಲಿ ಯಾವ ದೋಷವೂ ಇರಲಿಲ್ಲ.

ಎರಡು ಪಂಪ್‌ಗಳನ್ನು ಜೋಡಿಸಲು ಎರಡು ಬಗೆಯಿದೆ. ಎರಡೂ ಹೊಂಡದಿಂದಲೇ ನೀರೆಳೆದು ಒಂದೇ ಪೈಪಿಗೆ ತಳ್ಳಿದರೆ ಸಮಾಂತರ. ಮೊದಲ ಪಂಪಿನ ಡೆಲಿವರಿಯನ್ನು ಎರಡನೆಯದರ ಸಕ್ಷನ್‌ಗೆ ಕೊಟ್ಟರೆ ಸರಣಿ. ನಿಮಗೆ ಯಾವುದು ಬೇಕು ಎಂದು ಹೇಳಬೇಕಾದದ್ದು ನಿಮ್ಮ ಪೈಪ್‌ಲೈನು. ಅದನ್ನು ಕೇಳಿ ತಿಳಿಯುವ ಕ್ರಮ ಹೀಗಿದೆ.

ಮೊದಲು, ಡೆಲಿವರಿ ಪೈಪಿನಲ್ಲಿ ನಾನ್ ರಿಟರ್ನ್ ವಾಲ್ವ್ ದಾಟಿದ ಮೇಲೆ ಒಂದು ಪ್ರೆಶರ್ ಗೇಜ್ ಹಾಕಿ. ಒಂದೇ ಪಂಪ್ ಓಡಿಸಿ ಓದಿಕೊಳ್ಳಿ, ನಿಲ್ಲಿಸಿ ಮತ್ತೆ ಓದಿ. ಈ ತೋಟದಲ್ಲಿ ಓಡುವಾಗ 3 ಕೆ.ಜಿ., ನಿಂತಾಗ 2 ಕೆ.ಜಿ. ತೋರಿಸಿತು. ಒಂದು ಕೆ.ಜಿ.ಗೆ ಸುಮಾರು 10 ಮೀಟರ್ ಹೆಡ್ ಎಂದು ಹಿಡಿಯಿರಿ. ನಿಂತಾಗಿನ 20 ಮೀಟರ್ ಗುಡ್ಡದ ಎತ್ತರ. ಪೈಪಿನಲ್ಲಿ ನೀರು ಹರಿಯಲಿ ಬಿಡಲಿ, ಅದು ಬದಲಾಗದು. ಉಳಿದ 10 ಮೀಟರ್, ಸೆಕೆಂಡಿಗೆ 5 ಲೀಟರ್ ಹರಿಯುವಾಗ ಪೈಪಿನ ಘರ್ಷಣೆ ನುಂಗುವ ಪಾಲು. ಇಲ್ಲಿನ ಪೈಪ್ 75 ಎಂಎಂ ಪಿವಿಸಿ, ಉದ್ದ 450 ಮೀಟರ್. ಪಂಪ್ ಹೊಂಡದ ನೀರಿನ ಮಟ್ಟದಲ್ಲೇ ಇತ್ತು. ನಿಮ್ಮ ಪಂಪ್ ನೀರಿಗಿಂತ ಮೇಲಿದ್ದರೆ ಸಕ್ಷನ್ ಎತ್ತರವನ್ನೂ ಸೇರಿಸಿಕೊಳ್ಳಿ.

ಈಗ ಎಲ್ಲರೂ ಎಡವುವ ಜಾಗ. ಹರಿವು ಎರಡು ಪಟ್ಟಾದರೆ ಘರ್ಷಣೆ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಇದೇ ಪೈಪಿನಲ್ಲಿ ಸೆಕೆಂಡಿಗೆ 10 ಲೀಟರ್ ಹರಿಯಬೇಕಾದರೆ ಘರ್ಷಣೆಗೇ 40 ಮೀಟರ್ ಹೋಗುತ್ತದೆ, ಗುಡ್ಡದ 20 ಸೇರಿ ಒಟ್ಟು 60 ಮೀಟರ್ ಹೆಡ್ ಬೇಕು. ಈ ಪಂಪ್ ವಾಲ್ವ್ ಪೂರ್ತಿ ಮುಚ್ಚಿ ಒಂದು ಹನಿಯೂ ಹೊರಬಿಡದಿದ್ದಾಗ ಕೊಡುವುದೇ 40 ಮೀಟರ್. ಪಕ್ಕದಲ್ಲಿ ಇನ್ನೊಂದಲ್ಲ, ಇನ್ನು ನಾಲ್ಕು ಪಂಪ್ ಇಟ್ಟರೂ ಆ 40 ಮೀಟರಿನ ಗಡಿ ದಾಟುವುದಿಲ್ಲ, ಆದ್ದರಿಂದ 10 ಲೀಟರ್ ಬರುವ ಮಾತೇ ಇಲ್ಲ. ‘ಒಂದರಿಂದ ಐದು ಬಂದರೆ ಎರಡರಿಂದ ಹತ್ತು’ ಎಂಬ ಲೆಕ್ಕ ಬಿಂದಿಗೆಯಲ್ಲಿ ನೀರು ಹೊರುವವರಿಗೆ ಸರಿ. ಇಲ್ಲಿ ಎರಡೂ ಪಂಪ್‌ಗಳು ಒಂದೇ ಪೈಪನ್ನು ಹಂಚಿಕೊಂಡಿವೆ. ಒಂದು ತಳ್ಳುವ ನೀರು ಇನ್ನೊಂದಕ್ಕೆ ಎದುರೊತ್ತಡವಾಗಿ ನಿಲ್ಲುತ್ತದೆ.

ನಿಜವಾಗಿ ಎಷ್ಟು ಬರುತ್ತದೆ ಎಂದು ತಿಳಿಯಲು ಒಂದು ಗ್ರಾಫ್ ಹಾಳೆ ಸಾಕು. ಅಡಿಯಲ್ಲಿ ಹರಿವು, ಬದಿಯಲ್ಲಿ ಹೆಡ್ ಗುರುತಿಸಿ. ಪೈಪ್‌ಲೈನಿನ ಗೆರೆ ಸೊನ್ನೆ ಹರಿವಿನಲ್ಲಿ 20 ಮೀಟರಿನಿಂದ ಶುರುವಾಗಿ 5 ಲೀಟರಿಗೆ 30, ಸುಮಾರು 7 ಲೀಟರಿಗೆ 40 ಎಂದು ಏರುತ್ತದೆ. ಪಂಪಿನ ಗೆರೆಯನ್ನು ಕಂಪನಿಯ ಹೆಡ್–ಡಿಸ್ಚಾರ್ಜ್ ಪಟ್ಟಿಯಿಂದ ಬರೆಯಿರಿ: ಇದರದು ಸೊನ್ನೆಗೆ 40, 5 ಲೀಟರಿಗೆ 30, 7 ಲೀಟರಿಗೆ ಸುಮಾರು 20. ಪಟ್ಟಿ ನಿಮಿಷದ ಲೀಟರಿನಲ್ಲಿದ್ದರೆ 60ರಿಂದ ಭಾಗಿಸಿ. ಸಮಾಂತರಕ್ಕೆ ಹೆಡ್ ಅಷ್ಟೇ ಇಟ್ಟು ಹರಿವನ್ನು ಎರಡು ಪಟ್ಟು ಮಾಡಿದ ಗೆರೆ, ಸರಣಿಗೆ ಹರಿವು ಅಷ್ಟೇ ಇಟ್ಟು ಹೆಡ್ ಎರಡು ಪಟ್ಟು ಮಾಡಿದ ಗೆರೆ. ಇವು ಪೈಪ್‌ಲೈನಿನ ಗೆರೆಯನ್ನು ಕಡಿಯುವ ಜಾಗವೇ ನಿಮಗೆ ಸಿಗುವ ನೀರು.

ಈ ತೋಟದ ಹಾಳೆಯಲ್ಲಿ ಸಮಾಂತರದ ಗೆರೆ 6.3 ಲೀಟರ್, 36 ಮೀಟರಿನಲ್ಲಿ ಕಡಿಯಿತು. ಡ್ರಮ್ ಹೇಳಿದ್ದೂ ಅದನ್ನೇ. ಒಂದೊಂದು ಪಂಪ್ 3.2 ಲೀಟರ್ ಮಾತ್ರ ತಳ್ಳುತ್ತಿತ್ತು. ಸರಣಿಯ ಗೆರೆ ಕಡಿದದ್ದು 7.1 ಲೀಟರ್, 40 ಮೀಟರಿನಲ್ಲಿ. ‘ನೀರು ಹೆಚ್ಚು ಬೇಕಾದರೆ ಸಮಾಂತರ, ಎತ್ತರ ಹೆಚ್ಚಿದ್ದರೆ ಸರಣಿ’ ಎಂದು ಬಾಯಿಪಾಠ ಮಾಡಿದವರಿಗೆ ಇದು ಒಗಟಾಗಿ ಕಾಣಬಹುದು, ಇಲ್ಲಿ ಹೆಚ್ಚು ನೀರು ಕೊಟ್ಟದ್ದು ಸರಣಿಯೇ. ಘರ್ಷಣೆ ಜಾಸ್ತಿಯಿದ್ದು ಗೆರೆ ಕಡಿದಾಗಿ ಏರುವ ಪೈಪ್‌ಲೈನಿಗೆ ಬೇಕಾದದ್ದು ಒತ್ತಡ. ಆದರೆ ಹೆಡ್ ಕೂಡ ಎರಡು ಪಟ್ಟಾಗಲಿಲ್ಲ ಎಂಬುದನ್ನು ಗಮನಿಸಿ. 30 ಇದ್ದದ್ದು 40 ಆಯಿತು. ಹರಿವು ಹೆಚ್ಚಿದ್ದರಿಂದ ಒಂದೊಂದು ಪಂಪಿನ ಪಾಲಿನ ಹೆಡ್ 20ಕ್ಕೆ ಇಳಿಯಿತು.

ಹಾಗಾದರೆ ಸರಣಿ ಮಾಡಿಬಿಡೋಣವೇ? ನಾನು ಬೇಡ ಎಂದೆ. ಅದೇ ಹಾಳೆಯಲ್ಲಿ 75ರ ಬದಲು 110 ಎಂಎಂ ಪೈಪಿನ ಗೆರೆ ಎಳೆದು ತೋರಿಸಿದೆ. ಅಷ್ಟೇ ಹರಿವಿಗೆ ಘರ್ಷಣೆ ಸುಮಾರು ಏಳನೇ ಒಂದು ಪಾಲಿಗೆ ಇಳಿಯುತ್ತದೆ, ಗೆರೆ ಹೆಚ್ಚುಕಡಿಮೆ ಚಪ್ಪಟೆಯಾಗುತ್ತದೆ. ಆಗ ಒಂದೇ ಪಂಪ್ 6.6 ಲೀಟರ್ ಕೊಡುತ್ತದೆ, ಅಂದರೆ ಹಳೆಯ ಪೈಪಿನಲ್ಲಿ ಎರಡು ಪಂಪ್ ಪಕ್ಕಪಕ್ಕ ಓಡಿ ಕೊಟ್ಟದ್ದಕ್ಕಿಂತ ಹೆಚ್ಚು! ಈ ದಪ್ಪ ಪೈಪಿಗೆ ಎರಡನ್ನೂ ಸರಣಿಯಲ್ಲಿ ಇಟ್ಟರೆ 8.4, ಸಮಾಂತರದಲ್ಲಿ ಇಟ್ಟರೆ 11.3 ಲೀಟರ್. ಪಂಪ್ ಅವೇ, ಗುಡ್ಡ ಅದೇ. ಪೈಪ್ ಬದಲಾದೊಡನೆ ಉತ್ತರವೂ ತಿರುಗಿತು. ಗೇಜಿನ ಎರಡು ಓದುಗಳ ನಡುವಿನ ಅಂತರ ದೊಡ್ಡದಿದ್ದರೆ ಎರಡನೇ ಪಂಪಿನ ದುಡ್ಡನ್ನು ಪೈಪಿಗೆ ಹಾಕಿ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಗುಡ್ಡವೇ 45 ಮೀಟರ್ ಇದ್ದು ಪಂಪ್ 40ರದ್ದಾದರೆ ಯಾವ ಪೈಪ್ ಹಾಕಿದರೂ ಸಮಾಂತರದಿಂದ ಹನಿ ನೀರೂ ಮೇಲೇರದು. ಇರುವ ಪಂಪ್‌ಗಳಿಂದಲೇ ಏರಿಸಬೇಕೆಂದರೆ ಸರಣಿಯೇ ಗತಿ.

ಜೋಡಿಸುವಾಗಿನ ಎಚ್ಚರಿಕೆಗಳು ಚುಟುಕಾಗಿ: ಸರಣಿಯಲ್ಲಿ ವಾಲ್ವ್ ಮುಚ್ಚಿಹೋದರೆ ಒತ್ತಡ 8 ಕೆ.ಜಿ.ಗೆ ಏರುತ್ತದೆ, 6 ಕೆ.ಜಿ. ದರ್ಜೆಯ ಪಿವಿಸಿ ಪೈಪ್ ಅದಕ್ಕೆ ತಕ್ಕುದಲ್ಲ. ಎರಡನೇ ಪಂಪಿನ ಸೀಲ್ ಮತ್ತು ಬಾಡಿ ಅಷ್ಟು ಒತ್ತಡ ತಡೆಯುತ್ತವೆಯೇ ಎಂದು ಕಂಪನಿಯವರನ್ನು ಕೇಳಿ. ನೀರಿನ ಕಡೆಯ ಪಂಪನ್ನೇ ಮೊದಲು ಚಾಲೂ ಮಾಡಬೇಕು. ಸಮಾಂತರದಲ್ಲಿ ಪ್ರತಿ ಪಂಪಿಗೂ ಪ್ರತ್ಯೇಕ ನಾನ್ ರಿಟರ್ನ್ ವಾಲ್ವ್ ಇರಲಿ, ಇಲ್ಲವಾದರೆ ನಿಂತ ಪಂಪಿನೊಳಗಿಂದ ನೀರು ಹೊಂಡಕ್ಕೇ ವಾಪಸ್ ಹೋಗುತ್ತದೆ. ಪೈಪ್ ದಪ್ಪ ಮಾಡಿದ ದಿನ ಅಥವಾ ಸರಣಿ ಮಾಡಿದ ದಿನ ಪಂಪಿನ ಹರಿವು ಹೆಚ್ಚಿ ಮೋಟಾರ್ ಹೆಚ್ಚು ಕರೆಂಟ್ ಎಳೆಯಬಹುದು. ಟಾಂಗ್ ಟೆಸ್ಟರ್ ಹಿಡಿದು ನೇಮ್‌ಪ್ಲೇಟಿನ ಆಂಪಿಯರ್‌ಗೆ ಹೋಲಿಸಿ. ಮೀರಿದ್ದರೆ ಗೇಟ್ ವಾಲ್ವನ್ನು ಸ್ವಲ್ಪ ಬಿಗಿಮಾಡಿ ಓಡಿಸಿ.