ಕಾಲೇಜಿನ ಲೈಸೆನ್ಸಿನಲ್ಲಿ ಬಿಡಿಸಿದ ಗೇಟು

ಸಿಂದಗಿಯ ನನ್ನ ಫ್ಯಾಬ್ರಿಕೇಷನ್ ವರ್ಕ್‌ಶಾಪಿಗೆ ಬಸವನ ಬಾಗೇವಾಡಿಯ ಗಿರಾಕಿಯೊಬ್ಬರು ಜಾಳಿಗೆಯ ಗೇಟಿನ ಆರ್ಡರ್ ಕೊಟ್ಟರು. ಡಿಪ್ಲೊಮಾ ಓದುತ್ತಿದ್ದ ಅಣ್ಣನ ಮಗ ಕ್ಯಾಡ್‌ನಲ್ಲಿ ನಕ್ಷೆ ಬಿಡಿಸಿದ. ತಗಡು ಕತ್ತರಿಸಲು ಕಳಿಸುವ ಹೊತ್ತಿಗೆ ಅವನೇ ತಡೆದ: "ಕಾಕಾ, ಇದು ಕಾಲೇಜಿನ ಲೈಸೆನ್ಸ್ ಅದ. ಧಂದೇಕ್ಕ ನಡಿಯಂಗಿಲ್ಲ."

ಅವನು ಹೇಳಿದ್ದು ಸರಿ. ವಿದ್ಯಾರ್ಥಿ ಲೈಸೆನ್ಸ್ ಕಲಿಯಲು ಮಾತ್ರ. ಹಣ ಪಡೆಯುವ ಕೆಲಸಕ್ಕೆ ಬಳಸಿದರೆ ಕರಾರು ಮುರಿದಂತೆ. ಆಟೋಕ್ಯಾಡಿನ ಹಳೆಯ ವಿದ್ಯಾರ್ಥಿ ಆವೃತ್ತಿಗಳಲ್ಲಿ ಪ್ರಿಂಟಿನ ಅಂಚಿನಲ್ಲೇ ಅದನ್ನು ಹೇಳುವ ಮುದ್ರೆ ಬೀಳುತ್ತಿತ್ತು. ಅಂಥ ಕಡತದ ಒಂದು ಹೂವಿನ ಬ್ಲಾಕನ್ನು ನಕಲಿಸಿ ಬೇರೆ ನಕ್ಷೆಗೆ ಹಾಕಿದರೆ ಮುದ್ರೆ ಅಲ್ಲಿಗೂ ಅಂಟುತ್ತಿತ್ತು. ಮುದ್ರೆ ಕಾಣದಿದ್ದರೂ ಕರಾರು ಬದಲಾಗುವುದಿಲ್ಲ. ಗೇಟಿನ ನಕ್ಷೆಯನ್ನು ಲೈಸೆನ್ಸ್ ಇರುವವರ ಹತ್ತಿರ ಹಣ ಕೊಟ್ಟು ಮತ್ತೆ ಬಿಡಿಸಿಕೊಂಡೆ.

ಆಮೇಲೆ ಲೈಸೆನ್ಸಿನ ದರ ಕೇಳಲು ಹೊರಟೆ. ಆಟೋಡೆಸ್ಕ್ 2016ರಲ್ಲಿ ಹೊಸ ಶಾಶ್ವತ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿತು. ಬ್ರಿಕ್ಸ್‌ಕ್ಯಾಡ್‌ನಂಥವು ಅದನ್ನು ಮಾರುತ್ತ ಬಂದಿವೆ. ನನಗೆ ಒಬ್ಬ ಮಾರಾಟಗಾರ ಕೊಟ್ಟ ಕೊಟೇಷನ್ನಿನಲ್ಲಿ ಶಾಶ್ವತಕ್ಕೆ 54,000 ರೂಪಾಯಿ, ವರ್ಷದ ಚಂದಾಕ್ಕೆ 18,000, ತಿಂಗಳಿಗೆ 2,200. ಮೂರು ವರ್ಷದ ಚಂದಾ ಕಟ್ಟುವ ಹಣದಲ್ಲಿ ಶಾಶ್ವತವೇ ಬರುತ್ತದೆ, ಅದೇ ಲಾಭ ಎಂದುಕೊಂಡೆ. ಆದರೆ ಕೆಲಸದ ವಹಿ ತೆರೆದು ನೋಡಿದಾಗ ಬೇರೆಯೇ ಲೆಕ್ಕ ಬಂತು. ಹೊಸ ನಕ್ಷೆ ಬೇಕಾದದ್ದು ವರ್ಷದಲ್ಲಿ ನಾಲ್ಕೇ ತಿಂಗಳು, ಕಬ್ಬಿನ ಹಂಗಾಮಿಗೆ ಮುಂಚೆ ಟ್ರೇಲರ್ ಕೆಲಸ ಬರುವಾಗ. ಉಳಿದ ತಿಂಗಳುಗಳಲ್ಲಿ ಹಳೆಯ ಅಳತೆಗಳೇ ಸಾಕು. ನಾಲ್ಕು ತಿಂಗಳಿಗೆ 8,800. ಶಾಶ್ವತದ ಬೆಲೆ ಮುಟ್ಟಲು ಆರು ವರ್ಷಕ್ಕೂ ಹೆಚ್ಚು. ಅಷ್ಟರಲ್ಲಿ ನನ್ನ ಕಂಪ್ಯೂಟರೇ ಬದಲಾಗಿರುತ್ತದೆ.

ಶಾಶ್ವತ ಎಂದರೆ ಕೊಂಡ ಆವೃತ್ತಿ ಶಾಶ್ವತ, ಮುಂದಿನದಲ್ಲ. 2013ರ ಡಿಡಬ್ಲ್ಯುಜಿ ರೂಪವನ್ನಷ್ಟೇ ಬಲ್ಲ ತಂತ್ರಾಂಶದಲ್ಲಿ 2018ರ ರೂಪದ ಕಡತ ತೆರೆಯುವುದಿಲ್ಲ. ಕಳಿಸಿದವರಿಗೆ ಹಳೆಯ ರೂಪದಲ್ಲಿ ಉಳಿಸಿ ಕಳಿಸಲು ಹೇಳಬೇಕು.

ತೆರಿಗೆ ಉಳಿಯುತ್ತದೆ ಎಂಬ ಮಾತಿಗೂ ಮರುಳಾಗಬಾರದು. ಲೆಕ್ಕಪತ್ರ ಇಟ್ಟು ತೆರಿಗೆ ಕಟ್ಟುವವರು ಚಂದಾವನ್ನು ಆ ವರ್ಷದ ಖರ್ಚಿಗೆ ಹಾಕಬಹುದು, ಶಾಶ್ವತಕ್ಕೆ ಸವಕಳಿ ಹಿಡಿಯಬಹುದು. ನನ್ನಂತೆ ವಹಿವಾಟಿನ ಮೇಲೆ ಅಂದಾಜು ಲಾಭ ತೋರಿಸುವವರಿಗೆ ಎರಡೂ ಬೇರೆಯಾಗಿ ಸಿಗುವುದಿಲ್ಲ.

ಮುದ್ದೇಬಿಹಾಳದ ಗೆಳೆಯ ಶಾಶ್ವತವನ್ನೇ ಕೊಂಡ. ಅವನಿಗೆ ದಿನವೂ ನಕ್ಷೆಯ ಕೆಲಸ, ಅವನ ಲೆಕ್ಕಕ್ಕೆ ಅದೇ ಸರಿ. ನಾನು ತಿಂಗಳ ಚಂದಾ ಹಿಡಿದೆ. ಅವಧಿ ಮುಗಿದರೆ ತಂತ್ರಾಂಶ ತೆರೆಯುವುದಿಲ್ಲ, ಕಡತಗಳು ನಮ್ಮವೇ. ಅದಕ್ಕೇ ಕೊನೆಯ ವಾರ ಎಲ್ಲ ನಕ್ಷೆಗಳನ್ನೂ ಡಿಎಕ್ಸ್‌ಎಫ್ ರೂಪದಲ್ಲಿ, ಜೊತೆಗೆ ಪಿಡಿಎಫ್ ಆಗಿ ಪೆನ್‌ಡ್ರೈವಿಗೆ ಇಳಿಸುತ್ತೇನೆ. ಕತ್ತರಿಸುವವರು ಕೇಳುವುದು ಡಿಎಕ್ಸ್‌ಎಫ್. ಇಂಡಿ ಊರಿನ ಗಿರಾಕಿ ಮೊಬೈಲಿನಲ್ಲಿ ನೋಡುವುದು ಪಿಡಿಎಫ್.