ನಲವತ್ತಮೂರು ನಿಮಿಷದ ಆಟಕ್ಕೆ ಒಂದು ಗಂಟೆ ಯಾಕೆ?

ಕ್ಲಬ್ಬಿಗೆ ಹೊಸದಾಗಿ ಬಂದವರು ಮೊದಲು ಕೇಳುವುದೇ ಇದನ್ನು. ವಿಡಿಯೋ ಗೇಮನ್ನು ಆದಷ್ಟು ಬೇಗ ಮುಗಿಸುವುದು ತಾನೇ ಸ್ಪೀಡ್‌ರನ್? ಮತ್ತೆ ಮ್ಯಾರಥಾನ್ ವೇಳಾಪಟ್ಟಿಯಲ್ಲಿ ಅಷ್ಟು ಧಾರಾಳವಾಗಿ ಸಮಯ ಕೊಡುವುದೇಕೆ?

ನಾವೆಲ್ಲ ನೋಡಿ ಕಲಿತದ್ದು ಅಮೆರಿಕದ ‘ಗೇಮ್ಸ್ ಡನ್ ಕ್ವಿಕ್’ ಅನ್ನು. 2010ರ ಜನವರಿಯಲ್ಲಿ ಅದರ ಮೊದಲ ಮ್ಯಾರಥಾನ್ ಹೋಟೆಲಿನಲ್ಲಿ ನಡೆಯಬೇಕಿತ್ತು. ಅಲ್ಲಿ ಇಂಟರ್ನೆಟ್ ಕೈಕೊಟ್ಟದ್ದರಿಂದ ಸಂಘಟಕ ಮೈಕ್ ಉಯಾಮಾ ಅವರ ತಾಯಿಯ ಮನೆಗೆ ಎತ್ತಂಗಡಿಯಾಯಿತು. ‘ಕೇರ್’ ಸಂಸ್ಥೆಗೆ 10,000 ಡಾಲರಿಗೂ ಮೀರಿ ಹಣ ಕೂಡಿತು. ಈಗ ಚಳಿಗಾಲಕ್ಕೊಂದು, ಬೇಸಿಗೆಗೊಂದು. ಒಂದೊಂದೂ ಸುಮಾರು ಒಂದು ವಾರ, ಹಗಲೂ ರಾತ್ರಿ.

ಆಡಬಯಸುವವರು ತಮ್ಮ ರನ್ನಿನ ವಿಡಿಯೋ ಜೊತೆಗೆ ‘ಎಸ್ಟಿಮೇಟ್’ ಕೊಡಬೇಕು, ಅಂದರೆ ಹೆಚ್ಚೆಂದರೆ ಇಷ್ಟು ಹೊತ್ತು ಬೇಕು ಎಂಬ ಅಂದಾಜು. ಉದಾಹರಣೆಗೆ, ಒಬ್ಬ ‘ಸೂಪರ್ ಮೆಟ್ರಾಯ್ಡ್’ ಅನ್ನು ಮನೆಯಲ್ಲಿ 43 ನಿಮಿಷಕ್ಕೆ ಮುಗಿಸಿದ್ದಾನೆ ಅನ್ನಿ. ಆ 43ರ ಹಿಂದೆ ಎಡವಿ ಬಿಟ್ಟ ಎಷ್ಟೋ ಪ್ರಯತ್ನಗಳಿರುತ್ತವೆ. ಮನೆಯಲ್ಲಿ ಕೆಟ್ಟರೆ ರೀಸೆಟ್ ಒತ್ತಿ ಮೊದಲಿಂದ ಶುರುಮಾಡಬಹುದು. ವೇದಿಕೆಯ ಮೇಲೆ ಹಾಗಾಗದು. ಸತ್ತರೆ ಕೊನೆಯ ಸೇವ್‌ನಿಂದಲೇ ಎದ್ದು ಮುಂದುವರಿಯಬೇಕು. ಅದಕ್ಕೇ ಅವನು ಅಪಾಯದ ಕೆಲವು ಟ್ರಿಕ್ ಬಿಟ್ಟು ಭದ್ರವಾದ ದಾರಿ ಹಿಡಿಯುತ್ತಾನೆ, ಎಸ್ಟಿಮೇಟನ್ನು 50 ಎಂದು ಬರೆಯುತ್ತಾನೆ. ಮುಂದಿನ ಆಟಕ್ಕೆ ಕನ್ಸೋಲ್ ಬದಲಿಸಿ, ಚಿತ್ರ, ಸದ್ದು, ಮೈಕ್ ಪರೀಕ್ಷಿಸಲು ಇನ್ನೊಂದು 10. ಅಲ್ಲಿಗೆ ಒಂದು ಗಂಟೆ.

ಹೆಚ್ಚಾಯಿತು ಅನ್ನಿಸಿದರೆ ಲೆಕ್ಕ ಹಾಕಿ ನೋಡಿ. ಪ್ರತಿ ಆಟ ಐದೇ ನಿಮಿಷ ತಡವಾದರೂ ಹನ್ನೆರಡು ಆಟ ಮುಗಿಯುವಷ್ಟರಲ್ಲಿ ಒಂದು ಗಂಟೆ ಹಿಂದೆ ಬಿದ್ದಿರುತ್ತೀರಿ. ಸಂಜೆ ಎಂಟಕ್ಕೆ ಇಷ್ಟದ ಆಟ ಬರುತ್ತದೆಂದು ಕಾದವರು ಎದ್ದು ಹೋಗಿರುತ್ತಾರೆ. ಕೈ ಬೆಚ್ಚಗೆ ಮಾಡಿಕೊಂಡು ಕೂತ ಆಟಗಾರನ ಕೈ ಮತ್ತೆ ತಣ್ಣಗಾಗಿರುತ್ತದೆ. ಬೇಗ ಮುಗಿದರೆ ಅಂಥ ಕಷ್ಟವಿಲ್ಲ. ನಿರೂಪಕರು ಬಂದ ದೇಣಿಗೆಗಳ ಜೊತೆಗಿನ ಸಂದೇಶಗಳನ್ನು ಓದುತ್ತ ಹೊತ್ತು ತುಂಬಿಸುತ್ತಾರೆ. ತೀರಾ ಬೇಗ ಮುಗಿಯುವುದೂ ಒಳ್ಳೆಯದಲ್ಲ, ಉಬ್ಬಿಸಿ ಕೊಟ್ಟ ಎಸ್ಟಿಮೇಟ್ ಇನ್ನೊಬ್ಬನ ಅವಕಾಶವನ್ನು ನುಂಗಿರುತ್ತದೆ.

ಯಾವ ಆಟ ಯಾವಾಗ ಎಂಬುದರಲ್ಲಿ ದುಡ್ಡಿನ ಲೆಕ್ಕವೂ ಇದೆ. ‘ಸೂಪರ್ ಮೆಟ್ರಾಯ್ಡ್’ನ ಕೊನೆಯಲ್ಲಿ ಗ್ರಹ ಸಿಡಿಯುವ ಮುನ್ನ ಓಡಬೇಕು. ದಾರಿ ಬಿಟ್ಟು ಹೋದರೆ ಅಲ್ಲಿ ಸಿಕ್ಕಿಬಿದ್ದ ಪ್ರಾಣಿಗಳನ್ನು ಉಳಿಸಬಹುದು, ಆದರೆ ಸೆಕೆಂಡುಗಳು ಹೋಗುತ್ತವೆ. ಉಳಿಸಬೇಕೋ ಬಿಡಬೇಕೋ ಎಂದು ನೋಡುಗರು ದೇಣಿಗೆ ಸುರಿದು ತೀರ್ಮಾನಿಸುತ್ತಾರೆ. ಇಂಥ ಪೈಪೋಟಿಯ ಆಟವನ್ನು ಪಟ್ಟಿಯ ಕೊನೆಯತ್ತ ಇಟ್ಟರೆ ಎರಡೂ ಬಣಕ್ಕೆ ಹಣ ಕೂಡಿಸಲು ದಿನಗಟ್ಟಲೆ ಸಿಗುತ್ತದೆ. ಮೊದಲ ದಿನವೇ ಇಟ್ಟರೆ ಕೆಲವೇ ತಾಸು. ಆಟಗಾರ ಆ ತಿರುವಿಗೆ ಬರುವ ಮೊದಲೇ ಲೆಕ್ಕ ಮುಚ್ಚಿ, ಗೆದ್ದವರು ಯಾರೆಂದು ಅವನ ಕಿವಿಗೆ ಹಾಕಬೇಕು. ನಮ್ಮಲ್ಲಿ ಆ ಹೊಣೆ ನಿರೂಪಕರದು.